ಕಲ್ಯಾಣ ಮಂಟಪಾನೋ, ರಿಜಿಸ್ಟರ್ ಮದುವೆನೋ?



ನಮ್ಮ ಅಣ್ಣನ ಮಗನ ಲಗ್ನ ನಿಕ್ಕಿ ಆಗಿದೆ. ನಾವು ಕುಮಾರಪಟ್ಟಣದವರು, ಹುಡುಗಿ ಹೊಳಿ ಆಚೆ ಹರಿಹರದವಳು. ಹುಡುಗ ಹುಡುಗಿ ಇಬ್ಬರೂ ರಿಜಿಸ್ಟರ್ ಮದುವೆ ಸಾಕು ಅಂದರು. ನಮ್ಮ ಅತ್ತಿಗೆ ಮಾತ್ರ ಎರಡು ದಿನ ಊಟ ಬಿಟ್ಟಳು. "ಊರಾಗ ಎಲ್ಲಾರ ಮನಿ ಲಗ್ನಕ್ಕ ಉಂಡು, ಮುಯ್ಯಿ ಹಾಕಿ ಬಂದೀವಿ. ನಮ್ಮ ಮಗನ ಲಗ್ನದಾಗ ನಾಕು ಮಂದಿಗೆ ಎಲಿ ಹಾಕೋದು ಬ್ಯಾಡೇನು?" ಅನ್ನೋದು ಅವಳ ಪ್ರಶ್ನೆ.

ಇದನ್ನ "ಆಡಂಬರ" ಅಂತ ಒಂದೇ ಮಾತಲ್ಲಿ ತಳ್ಳಿಹಾಕೋ ಚಟ ನಮ್ಮ ಹೋರಾಟಗಾರರಲ್ಲಿ ಇದೆ. ನಾನೂ ಹಾಗೇ ಮಾಡ್ತಿದ್ದೆ. ಆದರೆ ನಮ್ಮಪ್ಪ ಮೇಲ್ಜಾತಿಯವರ ಲಗ್ನಗಳಲ್ಲಿ ಹೊರಗೆ, ಎಲ್ಲರೂ ಉಂಡು ಎದ್ದ ಮೇಲೆ ಕುಂತು ಉಂಡವನು. ಅವನ ಸೊಸೆಗೆ ಅದೇ ಮಂದಿಯನ್ನ ಮಂಟಪಕ್ಕೆ ಕರೆದು ಊಟಕ್ಕೆ ಕೂರಿಸಬೇಕು ಅನ್ನೋ ಆಸೆ ಇದ್ದರೆ ಅದು ಬರೀ ಶೋಕಿ ಅಲ್ಲ. ಅದನ್ನ ಒಪ್ಪಿಕೊಂಡೇ ಲೆಕ್ಕಕ್ಕೆ ಕುಂತೆವು.

ಮಂಟಪದ ಬಾಡಿಗೆ, ಕರೆಂಟು, ಕ್ಲೀನಿಂಗ್ ಸೇರಿ 70,000. ಎಂಟುನೂರು ಮಂದಿ ಊಟ, ಎಲಿಗೆ 160ರಂತೆ 1,28,000. ಬೀಗರಿಗೆ ಆಯೇರಿ ಬಟ್ಟೆ 80,000. ಶಾಮಿಯಾನ, ಹೂವು, ಫೋಟೋ 60,000. ಗಾಡಿ, ವಾಲಗ, ಕಾರ್ಡು 42,000. ಒಟ್ಟು 3,80,000 ರೂಪಾಯಿ, ಬಂಗಾರ ಬೇರೆ. ಕೈಯಲ್ಲಿ ಇದ್ದದ್ದು 1,80,000. ಉಳಿದ ಎರಡು ಲಕ್ಷ ಕೈಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 6,000, ವರ್ಷಕ್ಕೆ 72,000 ಬಡ್ಡಿಗೇ ಹೋಗುತ್ತೆ, ಅಸಲು ಹಾಗೇ ನಿಂತಿರುತ್ತೆ. ಮುಯ್ಯಿ ವಾಪಸ್ ಬರುತ್ತಲ್ಲ ಅಂತ ಅತ್ತಿಗೆ ಅಂದಳು. ಬರುತ್ತೆ, ಆದರೆ ಅದು ಗಳಿಕೆ ಅಲ್ಲ, ಮುಂದೆ ಆ ಮನೆಗಳಿಗೆ ನಾವೇ ತೀರಿಸಬೇಕಾದ ಬಾಕಿ.

ಇನ್ನು ರಿಜಿಸ್ಟರ್. ಇಲ್ಲಿ ತುಂಬಾ ಜನ ತಪ್ಪು ಮಾಡ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿ ಅಂದರೆ ಈಗಾಗಲೇ ಶಾಸ್ತ್ರ ಮಾಡಿ ಆಗಿರೋ ಮದುವೆಯನ್ನ ದಾಖಲು ಮಾಡೋದು ಅಷ್ಟೇ. ಯಾವ ಶಾಸ್ತ್ರವೂ ಇಲ್ಲದೆ ಬರೀ ಸರ್ಟಿಫಿಕೇಟ್ ತಗೊಂಡರೆ ಅದು ಮದುವೆ ಅಲ್ಲ ಅಂತ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪುರೋಹಿತ, ಶಾಸ್ತ್ರ ಎರಡೂ ಬೇಡ ಅನ್ನೋರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದರಲ್ಲಿ ಅಧಿಕಾರಿ ಮುಂದೆ ಆಗೋದೇ ಮದುವೆ.

ಅದಕ್ಕೆ ಮೊದಲು ನೋಟಿಸ್ ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು. ನೋಟಿಸನ್ನ ಕಚೇರಿಯಲ್ಲಿ ಅಂಟಿಸ್ತಾರೆ, 30 ದಿನ ಆಕ್ಷೇಪಣೆಗೆ ಕಾಲಾವಕಾಶ. ಹೊಳಿ ದಾಟಿದರೆ ದಾವಣಗೆರೆ ಜಿಲ್ಲೆ ಆಗೋದರಿಂದ ನಮ್ಮ ನೋಟಿಸಿನ ಪ್ರತಿ ಅಲ್ಲಿಗೂ ಹೋಗಿ ಅಂಟುತ್ತೆ. ನಮ್ಮ ಎರಡೂ ಮನೆ ಒಪ್ಪಿವೆ, ಚಿಂತೆ ಇಲ್ಲ. ಮನೆಯವರ ವಿರೋಧ ಕಟ್ಟಿಕೊಂಡ ಅಂತರ್ಜಾತಿ ಜೋಡಿಗೆ ಮಾತ್ರ ಇದೇ ಒಂದು ತಿಂಗಳು ಅಪಾಯದ ತಿಂಗಳು. ಅಂಥವರು ನೋಟಿಸ್ ಕೊಡೋ ಮೊದಲೇ ವಕೀಲರನ್ನ ಕಂಡು, ಉಳಿಯೋ ಜಾಗ ಗಟ್ಟಿ ಮಾಡಿಕೊಳ್ಳಬೇಕು. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸ್ ಬೇಕು.

ಅತ್ತಿಗೆ ಮನಸ್ಸು ತಿರುಗಿಸಿದ್ದು ಈ ಲೆಕ್ಕ ಅಲ್ಲ, ಇದೇ ಕಾಯ್ದೆಯ ಇನ್ನೊಂದು ಮಾತು. ಮೂರು ಸಾಕ್ಷಿಗಳ ಎದುರು ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿಕೊಂಡೆ ಅಂತ ತಮಗೆ ತಿಳಿಯೋ ಭಾಷೆಯಲ್ಲಿ ಬಾಯಿಬಿಟ್ಟು ಹೇಳಬೇಕು. "ಸಾಕ್ಷಿ ಸಹಿ ನಂದೂ ಇರತೈತೇನು?" ಅಂತ ಕೇಳಿದಳು. ಇರುತ್ತೆ ಅಂದೆ. ಮಂಟಪದಲ್ಲಿ ಇವಳಿಗೆ ಅರ್ಥ ಆಗದ ಮಂತ್ರ, ಇಲ್ಲಿ ಇವಳದೇ ಹೆಸರು, ಇವಳದೇ ಸಹಿ. ಬಾಬಾಸಾಹೇಬರೂ 1948ರ ಏಪ್ರಿಲ್ 15ರಂದು ದೆಹಲಿಯ ತಮ್ಮ ಮನೆಯಲ್ಲಿ, ಕೆಲವೇ ಜನರ ನಡುವೆ, ರಿಜಿಸ್ಟರ್ ಮದುವೆಯನ್ನೇ ಆದರು ಅಂತಾನೂ ಹೇಳಿದೆ.

ಕೊನೆಗೆ ತೀರ್ಮಾನ ಆಗಿದ್ದು ಹೀಗೆ. ರಾಣೆಬೆನ್ನೂರಿನಲ್ಲಿ ಸಹಿ, ಮಧ್ಯಾಹ್ನ ನಮ್ಮ ಕೇರಿಯಲ್ಲೇ 60 ಮಂದಿಗೆ ಊಟ. ಎಲಿಗೆ 200 ಹಿಡಿದರೂ 12,000. ಬಟ್ಟೆ, ಗಾಡಿ, ಫೀ ಎಲ್ಲಾ ಸೇರಿ 40,000 ದಾಟಲ್ಲ. ಅತ್ತಿಗೆ ಒಂದು ಷರತ್ತು ಹಾಕಿದಳು: ಆ 60ರಲ್ಲಿ ಹತ್ತು ಮಂದಿ ಊರೊಳಗಿನವರು ಇರಬೇಕು, ನಮ್ಮ ಸಾಲಲ್ಲೇ ಕುಂತು, ನಮ್ಮವರು ಮಾಡಿದ್ದನ್ನೇ ಉಣ್ಣಬೇಕು. ಒಪ್ಪಿದೆ. ನಿಜ ಹೇಳಬೇಕಂದರೆ, ಎಂಟುನೂರು ಮಂದಿ ಮಂಟಪದಲ್ಲಿ ಅಡುಗೆ ಗುತ್ತಿಗೆಯವನ ಊಟ ಉಂಡು ಹೋಗೋದಕ್ಕಿಂತ ಇದೇ ಕಷ್ಟದ ಕೆಲಸ. ಕರೆಯೋಕೆ ನಾನೇ ಹೋಗ್ತೀನಿ. ಎಷ್ಟು ಜನ ಬಂದರು ಅಂತ ಲಗ್ನ ಆದ ಮೇಲೆ ಇಲ್ಲೇ ಬರೀತೀನಿ.

ಜೈ ಭೀಮ್.