ಹ್ಯಾಶ್ ಮಾಡಿ ಕಳಿಸಿದ್ರೆ ಆ ಹ್ಯಾಶೇ ಪಾಸ್‌ವರ್ಡ್ ಕಣ್ರೀ

ಮೊನ್ನೆ ಆಫೀಸಲ್ಲಿ ಒಂದು ಟಿಕೆಟ್ ಕಣ್ಣಿಗೆ ಬಿತ್ತು. ‘ಲಾಗಿನ್ ರಿಕ್ವೆಸ್ಟ್‌ನಲ್ಲಿ ಪಾಸ್‌ವರ್ಡ್ ಹಾಗ್ಹಾಗೇ ಕಾಣ್ತಿದೆ’ ಅಂತ ಆಡಿಟ್‌ನವರು ಬರೆದಿದ್ರು. ನಮ್ಮ ಟೀಮಿನ ಹುಡುಗ ಬ್ರೌಸರ್‌ನಲ್ಲೇ ಎಂಡಿ5 ಹ್ಯಾಶ್ ಮಾಡಿ ಕಳಿಸೋ ಹಾಗೆ ಎರಡು ಸಾಲು ಸೇರಿಸಿ ಟಿಕೆಟ್ ಮುಚ್ಚಿದ್ದ. ಆಡಿಟ್‌ನವರೂ ಖುಷಿ, ಮ್ಯಾನೇಜರ್ರೂ ಖುಷಿ. ನನಗೆ ಮಾತ್ರ ನಮ್ಮೂರಿನ ಶೆಟ್ಟರ ಅಂಗಡಿ ನೆನಪಾಯ್ತು.

ಅಪ್ಪ ಒಂದು ಚೀಟಿ ಬರೆದು ಕೊಡ್ತಿದ್ರು: ‘ಐದು ರೂಪಾಯಿ ಸಾಮಾನು ಕೊಡಿ, ಲೆಕ್ಕಕ್ಕೆ ಬರ್ಕೊಳ್ಳಿ’. ಕೆಳಗೆ ಸಹಿ. ತಾರೀಖು ಇರ್ತಿರಲಿಲ್ಲ. ಶೆಟ್ಟರು ನೋಡಿ ಚೀಟಿ ವಾಪಸ್ ಕೊಟ್ಟುಬಿಡೋರು. ಮಾರನೇ ದಿನ ಅದೇ ಚೀಟಿ ತೋರಿಸಿ ನಾನು ಕಡಲೆಮಿಠಾಯಿ ತಿಂದೆ. ಅಪ್ಪನ ಸಹಿಯನ್ನ ನಾನು ಫೋರ್ಜರಿ ಮಾಡಲಿಲ್ಲ, ಅದು ನೂರಕ್ಕೆ ನೂರು ಅಸಲಿ. ಸೆಕ್ಯುರಿಟಿ ಭಾಷೆಯಲ್ಲಿ ಇದಕ್ಕೆ ರಿಪ್ಲೇ ಅಟ್ಯಾಕ್ ಅಂತಾರೆ.

ಈಗ ನಮ್ಮ ಹುಡುಗನ ಕೋಡ್ ಕಳಿಸೋದು ನೋಡಿ:

```
POST /login
user=ramesh&hash=5f4dcc3b5aa765d61d8327deb882cf99
```

ಹ್ಯಾಶ್‌ನಿಂದ ಪಾಸ್‌ವರ್ಡ್ ಹಿಂದಕ್ಕೆ ತೆಗೆಯೋಕೆ ಆಗಲ್ಲ ಅನ್ನೋದು ಅವನ ವಾದ. (ಇದು ‘password’ ಅನ್ನೋ ಪದದ್ದೇ ಹ್ಯಾಶ್, ಗೂಗಲ್‌ನಲ್ಲಿ ಹಾಕಿದ್ರೂ ಸಿಗತ್ತೆ. ಅದಿರಲಿ.) ಅಲ್ಲಪ್ಪ, ಯಾಕೆ ಹಿಂದಕ್ಕೆ ತೆಗೀಬೇಕು? ಸರ್ವರ್ ಕೇಳೋದೇ ಹ್ಯಾಶ್. ಕದ್ದವನು ಅದನ್ನೇ ಹಾಗೇ ವಾಪಸ್ ಕಳಿಸ್ತಾನೆ. ನಾಳೆನೂ ಅದೇ, ಮುಂದಿನ ವರ್ಷವೂ ಅದೇ. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ Copy as cURL ಒತ್ತಿ, ಲಾಗೌಟ್ ಮಾಡಿ, ಟರ್ಮಿನಲ್‌ನಲ್ಲಿ ಪೇಸ್ಟ್ ಮಾಡಿದೆ. ಪಾಸ್‌ವರ್ಡ್ ಟೈಪ್ ಮಾಡದೆ ಒಳಗೆ ಹೋದೆ.

ಇನ್ನೂ ಕೆಟ್ಟದ್ದು ಡೇಟಾಬೇಸ್‌ನಲ್ಲಿತ್ತು. ಅಲ್ಲಿ ಇಟ್ಟಿದ್ದೂ ಅದೇ ಹ್ಯಾಶ್, ಬಂದದ್ದನ್ನ ನೇರ ಹೋಲಿಸೋದು ಅಷ್ಟೇ. ಅಂದ್ರೆ ಟೇಬಲ್ ಲೀಕ್ ಆದ ದಿನ ಕಳ್ಳ ಏನನ್ನೂ ಒಡೀಬೇಕಿಲ್ಲ, ಒಂದೊಂದು ಸಾಲೂ ಒಂದೊಂದು ರೆಡಿ ಕೀಲಿಕೈ. ಹಿಂದೆ ಪಾಸ್‌ವರ್ಡ್ ಹಾಗೇ ಹೋಗ್ತಿದ್ದಾಗ ಸರ್ವರ್ ಅದನ್ನ ಬಿಕ್ರಿಪ್ಟ್ ಮಾಡಿ ಹೋಲಿಸ್ತಿತ್ತು. ‘ಸರಿ’ ಮಾಡೋಕೆ ಹೋಗಿ ಅದನ್ನೂ ಕಿತ್ತುಹಾಕಿದ್ರು!

ಇದಕ್ಕೆ ಮದ್ದು ಹೊಸದೇನಲ್ಲ. 1996ರ ಆರ್‌ಎಫ್‌ಸಿ 1939, ಮೇಲ್ ತರಿಸಿಕೊಳ್ಳೋ ಪಾಪ್3 ನಿಯಮಾವಳಿ, ಅದರಲ್ಲೇ ಎಪಾಪ್ ಅಂತ ಒಂದು ಲಾಗಿನ್ ಇದೆ. ಅದರ ಉದಾಹರಣೆಯೇ ಇದು:

```
S: +OK POP3 server ready <1896.697170952@dbc.mtview.ca.us>
C: APOP mrose c4c9334bac560ecc979e58001b3e22fb
S: +OK maildrop has 1 message (369 octets)
```

ಮೊದಲು ಮಾತಾಡೋದು ಸರ್ವರ್. ಕೋನದ ಬ್ರಾಕೆಟ್ ಒಳಗಿರೋದು ಅದರ ಸವಾಲು, ಪ್ರತಿ ಸಲ ಬೇರೆ. ಕ್ಲೈಂಟ್ ಆ ಸಾಲಿನ ಬೆನ್ನಿಗೆ ತನ್ನ ಪಾಸ್‌ವರ್ಡ್ `tanstaaf` ಅಂಟಿಸಿ, ಎರಡನ್ನೂ ಸೇರಿಸಿ ಎಂಡಿ5 ಮಾಡಿ ಕಳಿಸತ್ತೆ. ಸರ್ವರ್ ತಾನೂ ಅದೇ ಲೆಕ್ಕ ಮಾಡಿ ತಾಳೆ ನೋಡತ್ತೆ. ನಡುವೆ ಕದ್ದು ಕೇಳಿದವನಿಗೆ `c4c9…` ಸಿಕ್ಕರೂ ಮುಂದಿನ ಸಲ ಸವಾಲೇ ಬದಲಾಗಿರತ್ತೆ, ಹಳೇ ಉತ್ತರ ತಾಳೆಯಾಗಲ್ಲ. ಶೆಟ್ಟರು ‘ಇವತ್ತು 47 ಅಂತ ಬರೆಸ್ಕೊಂಡು ಬಾ’ ಅಂದಿದ್ರೆ ನನ್ನ ಮಿಠಾಯಿ ಕಥೆ ಅಲ್ಲಿಗೇ ಮುಗೀತಿತ್ತು.

ಹುಡುಗನಿಗೆ ಇದನ್ನ ಹೇಳಿದ್ದಕ್ಕೆ ಮಾರನೇ ದಿನವೇ ಸವಾಲು ಸೇರಿಸಿ ತಂದ. ಆದ್ರೆ ಆ ಸಂಖ್ಯೆಯನ್ನ ಹುಟ್ಟಿಸ್ತಿದ್ದುದು ಬ್ರೌಸರ್! ರಿಕ್ವೆಸ್ಟ್‌ನಲ್ಲೇ ಸಂಖ್ಯೆ, ಪಕ್ಕದಲ್ಲೇ ಉತ್ತರ. ಕಳ್ಳ ಎರಡನ್ನೂ ಒಟ್ಟಿಗೇ ಕಳಿಸಿದ್ರೆ ಕೆಲಸ ಆಯ್ತು. ಸಂಖ್ಯೆ ಸರ್ವರ್‌ನಿಂದಲೇ ಬರಬೇಕು, ಊಹಿಸೋಕೆ ಆಗಬಾರದು, ಒಂದು ಸಲ ಬಳಸಿದ ತಕ್ಷಣ ಅಳಿಸಬೇಕು. ಈ ಅಳಿಸೋ ಸಾಲನ್ನ ಮರೆಯೋರೇ ಜಾಸ್ತಿ.

ಹಾಗಂತ ಎಪಾಪ್ ಮಾದರಿಯನ್ನೇ ಇವತ್ತು ತಂದು ಕೂರಿಸಿ ಅಂತ ನಾನು ಹೇಳಲ್ಲ. ತಾಳೆ ನೋಡೋಕೆ ಸರ್ವರ್ ಹತ್ರ ನಿಮ್ಮ ಪಾಸ್‌ವರ್ಡ್ ಹಾಗೇ ಇರಬೇಕು, ಅದು ದೊಡ್ಡ ತೊಂದರೆ. ಸವಾಲು, ಉತ್ತರ ಎರಡೂ ಕದ್ದವನು ಮನೇಲಿ ಕೂತು ಡಿಕ್ಷನರಿ ಹಾಕಿ ಸಡಿಲ ಪಾಸ್‌ವರ್ಡ್ ಊಹಿಸಬಹುದು. ಎಂಡಿ5 ಅಂತೂ ಯಾವಾಗಲೋ ಮುರಿದುಬಿದ್ದಿದೆ. ಡೇಟಾಬೇಸ್‌ನಲ್ಲಿರೋದನ್ನ ಕದ್ದರೂ ಅಷ್ಟರಿಂದಲೇ ಲಾಗಿನ್ ಆಗದ ಹಾಗೆ 2010ರ ಸ್ಕ್ರಾಮ್ ಮಾಡತ್ತೆ. ಪಾಸ್‌ಕೀ ಇನ್ನೂ ಮುಂದೆ ಹೋಗಿ, ಸವಾಲಿಗೆ ನಿಮ್ಮ ಫೋನ್‌ನಿಂದಲೇ ಸಹಿ ಹಾಕಿಸತ್ತೆ. ಸರ್ವರ್ ಹತ್ರ ಇರೋದು ಬರೀ ಪಬ್ಲಿಕ್ ಕೀ.

ಅಷ್ಟೆಲ್ಲ ಟೈಮ್ ಇಲ್ವಾ? ಎಚ್‌ಟಿಟಿಪಿಎಸ್ ಮೇಲೆ ಪಾಸ್‌ವರ್ಡ್ ಹಾಗೇ ಕಳಿಸಿ, ಸರ್ವರ್‌ನಲ್ಲಿ ಬಿಕ್ರಿಪ್ಟ್ ಮಾಡಿ. ಆ ಕನೆಕ್ಷನ್ ಪ್ರತಿ ಸಲ ಹೊಸ ಕೀ ಹುಟ್ಟಿಸತ್ತೆ, ತಂತಿಯ ಮೇಲೆ ಕದ್ದದ್ದನ್ನ ಮರುದಿನ ಓಡಿಸೋಕೆ ಆಗಲ್ಲ. ಆಡಿಟ್‌ನವರು ನೋಡಿ ಬೆಚ್ಚಿದ್ದು ಬ್ರೌಸರ್ ಒಳಗಿನ ಪಾಸ್‌ವರ್ಡ್, ತಂತಿಯ ಮೇಲಿನದಲ್ಲ. ಇಷ್ಟನ್ನ ಅವರಿಗೆ ಇಮೇಲ್‌ನಲ್ಲಿ ಬರೆಯೋ ಧೈರ್ಯ ನಮ್ಮವರಿಗೆ ಇರಲಿಲ್ಲ, ಅದಕ್ಕೇ ಎಂಡಿ5 ಬಂತು.

ಟಿಕೆಟ್ ಮತ್ತೆ ತೆರೆದು ನನ್ನ curl ಸಾಲನ್ನ ಕಾಮೆಂಟಲ್ಲಿ ಹಾಕಿದೀನಿ. ‘ಎಷ್ಟು ದಿನ ಬೇಕು?’ ಅಂತ ಮ್ಯಾನೇಜರ್ ಕೇಳಿದಾರೆ.