ಸೂರಿನ ನೀರಿನ ಲೆಕ್ಕ

ಮಳೆಗಾಲ ಸಮೀಪಿಸಿದಂತೆ ಹಂಚಿನ ಮನೆಯವರು ಒಮ್ಮೆ ಮಾಡಿನ ಕಡೆಗೆ ಕಣ್ಣೆತ್ತಿ ನೋಡುವುದುಂಟು. ಒಡೆದ ಹಂಚು ಬದಲಾಗುತ್ತದೆ, ಕೊಳೆತ ರೀಪು ಹೋಗಿ ಹೊಸದು ಬರುತ್ತದೆ. ಆದರೆ ಸೂರಿನಂಚಿಗೆ ಕಟ್ಟುವ ತಗಡಿನ ದೋಣಿ ಎಷ್ಟು ಅಗಲವಿರಬೇಕು, ಅದರ ನೀರನ್ನು ನೆಲಕ್ಕಿಳಿಸುವ ಕೊಳವೆ ಎಲ್ಲಿರಬೇಕು ಎಂದು ವಿಚಾರಿಸುವವರು ವಿರಳ. ಅಂಗಡಿಯಲ್ಲಿ ದೊರೆತುದೇ ಅಳತೆ, ಕೊಳವೆಗೆ ಮನೆಯ ಮೂಲೆಯೇ ಸ್ಥಳ.

ತೀರ್ಥಹಳ್ಳಿಯ ಕಡೆ ಮನೆ ಕಟ್ಟಿಸಿಕೊಂಡ ನಮ್ಮ ಹಿರಿಯ ಮಿತ್ರರಾದ ರಾಯರೂ ಹಾಗೆಯೇ ಮಾಡಿದರು. ಮನೆಯ ಮುಂಭಾಗದ ಸೂರು ಹನ್ನೆರಡು ಮೀಟರು ಉದ್ದ. ಅದರ ತುಂಬ ನಾಲ್ಕಂಗುಲ ಅಗಲದ ಅರೆದುಂಡಗಿನ ದೋಣಿ. ಪೂರ್ವದ ತುದಿಯಲ್ಲಿ ಮೂರಂಗುಲದ ಒಂದು ಕೊಳವೆ. ಮೊದಲನೆಯ ದೊಡ್ಡ ಮಳೆಗೆ ಪಶ್ಚಿಮದ ತುದಿಯಲ್ಲಿ ನೀರು ತೆರೆಯಂತೆ ಸುರಿದು ಜಗಲಿಯ ಗೋಡೆ ಆಳೆತ್ತರ ನೆನೆಯಿತು. ಕೊಳವೆ ಚಿಕ್ಕದಾಯಿತೆಂದು ರಾಯರು ಅದನ್ನು ತೆಗೆಸಿ ನಾಲ್ಕಂಗುಲದ್ದನ್ನು ಹಾಕಿಸಿದರು. ಮುಂದಿನ ಮಳೆಗೂ ಪಶ್ಚಿಮದ ತುದಿಯಲ್ಲಿ ಅದೇ ಧಾರೆ.

ತಗಡಿನ ಕೆಲಸದವನು, "ಇಳಿಜಾರು ಸಾಲದು ಸ್ವಾಮಿ, ಇನ್ನಷ್ಟು ಬಾಗಿಸೋಣ" ಎಂದ.

"ಬಾಗಿಸಿದರೆ ನೀರು ಓಡೀತೇನಪ್ಪಾ?" ಎಂದು ಕೇಳಿ ರಾಯರು ಒಪ್ಪಿದರು. ದೋಣಿಯ ಪೂರ್ವದ ತುದಿ ಹಂಚಿನ ಅಂಚಿನಿಂದ ಒಂದು ಗೇಣು ಕೆಳಗೆ ಹೋಯಿತು. ಅಲ್ಲಿ ಮಾಡಿನಿಂದ ರಭಸವಾಗಿ ಬಂದ ನೀರು ದೋಣಿಯ ಗೊಡವೆಯೇ ಇಲ್ಲದೆ ಅದನ್ನು ದಾಟಿ ಅಂಗಳಕ್ಕೆ ಹಾರಿತು.

ಇಲ್ಲಿ ಲೆಕ್ಕ ಅವಶ್ಯಕ. ಅದು ಕಠಿನವೂ ಅಲ್ಲ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರು ನೀರು. ಇಷ್ಟನ್ನು ನೆನಪಿಟ್ಟುಕೊಂಡರೆ ಉಳಿದುದೆಲ್ಲ ಗುಣಾಕಾರ, ಭಾಗಾಕಾರ. ಆದರೆ ಯಾವ ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಕು? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆಯಾಗುತ್ತದೆ. ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಈ ಅಂಕಿಗಳು ರೈತನಿಗೆ ಬೇಕು, ದೋಣಿಗೆ ಬೇಡ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಬಿದ್ದಿತು. ಆ ಭೀಕರ ಮಳೆಯನ್ನು ಇಡೀ ದಿನಕ್ಕೆ ಸಮನಾಗಿ ಹಂಚಿದರೆ ಗಂಟೆಗೆ 39 ಮಿಲಿಮೀಟರು ಮಾತ್ರ! ಮಳೆ ಹಾಗೆ ಹಂಚಿಕೊಂಡು ಬೀಳುವುದಿಲ್ಲ. ದೋಣಿಯನ್ನು ಸೋಲಿಸುವುದು ನಾಲ್ಕೈದು ನಿಮಿಷಗಳ ಜಡಿ. ಆ ಐದು ನಿಮಿಷ ಬೆಂಗಳೂರಿನ ಗುಡುಗು ಮಳೆಯಲ್ಲಿಯೂ ಬರಬಹುದು.

ಬ್ರಿಟನ್ನಿನಲ್ಲಿ ಬಹುಕಾಲದಿಂದ ಗಂಟೆಗೆ 75 ಮಿಲಿಮೀಟರಿನ ಮಳೆಯನ್ನು ಹಿಡಿದು ದೋಣಿಯ ಅಳತೆಯನ್ನು ಗೊತ್ತುಮಾಡುತ್ತ ಬಂದಿದ್ದಾರೆ. ನಮ್ಮಲ್ಲಿ ಅದರ ಇಮ್ಮಡಿಯನ್ನಾದರೂ, ಎಂದರೆ 150ನ್ನು, ಹಿಡಿಯುವುದು ಕ್ಷೇಮ. ಸಂಶಯವಿದ್ದವರು ನೇರ ಗೋಡೆಯ ಡಬ್ಬಿಯೊಂದನ್ನು ಜಡಿಮಳೆಯಲ್ಲಿ ಬಯಲಿಗಿಟ್ಟು ನೋಡಲಿ: ಐದು ನಿಮಿಷಕ್ಕೆ ಹನ್ನೆರಡೂವರೆ ಮಿಲಿಮೀಟರು ನೀರು ನಿಂತರೆ ಅದೇ ಗಂಟೆಗೆ 150ರ ಮಳೆ.

ಈಗ ರಾಯರ ಮಾಡು. ಗೋಡೆಯಾಚೆಗಿನ ಸೂರಿನಂಚಿನಿಂದ ಮೋಪುರದ ಕೆಳಗಿನವರೆಗೆ, ನೆಲದ ಮೇಲೆ ಅಳೆದರೆ, ಐದು ಮೀಟರು. ಮಾಡಿನ ಏರು ಮೂರು ಮೀಟರು. ಗಾಳಿ ಮಳೆಯನ್ನು ಓರೆಯಾಗಿ ತಂದು ಇಳಿಜಾರಿಗೆ ಹೊಡೆಯುವುದರಿಂದ ಏರಿನ ಅರ್ಧವನ್ನು ಅಗಲಕ್ಕೆ ಕೂಡಿಸಿಕೊಳ್ಳುವುದು ರೂಢಿ. ಐದಕ್ಕೆ ಒಂದೂವರೆ ಸೇರಿ ಆರೂವರೆ. ಹನ್ನೆರಡರಿಂದ ಗುಣಿಸಿದರೆ 78 ಚದರ ಮೀಟರು. ಗಂಟೆಗೆ 150 ಮಿಲಿಮೀಟರಿನಂತೆ 11,700 ಲೀಟರು, ಎಂದರೆ ಸೆಕೆಂಡಿಗೆ ಮೂರೂಕಾಲು ಲೀಟರು. ನಾಲ್ಕಂಗುಲದ ಅರೆದುಂಡಗಿನ ದೋಣಿ ಸಾಗಿಸಬಲ್ಲದು ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರು! ಹೊರೆ ಶಕ್ತಿಯ ನಾಲ್ಕು ಪಾಲು. ಅದರ ಕೊನೆಗೆ ಎಷ್ಟು ದೊಡ್ಡ ಕೊಳವೆಯನ್ನು ಜೋಡಿಸಿದರೇನು? ನೀರು ಅಲ್ಲಿಗೆ ತಲಪುವ ಮೊದಲೇ ಚೆಲ್ಲುತ್ತದೆ. ಹೆಚ್ಚುಕಡಿಮೆ ಮಟ್ಟವಾಗಿರುವ ದೋಣಿಯಲ್ಲಿ ನೀರು ಅತ್ಯಂತ ಆಳವಾಗಿ ನಿಲ್ಲುವುದು ಕೊಳವೆಯ ಬಳಿಯಲ್ಲಲ್ಲ, ಅದಕ್ಕೆ ದೂರದ ತುದಿಯಲ್ಲಿ. ಆದುದರಿಂದ ದೂರದ ತುದಿಯಲ್ಲಿ ಚೆಲ್ಲಿದರೆ ದೋಣಿ ಚಿಕ್ಕದು. ಕೊಳವೆಯ ಬಳಿಯಲ್ಲಿಯೇ ಉಕ್ಕಿದರೆ ಅದರ ಬಾಯಿ ಕಿರಿದು, ಇಲ್ಲವೆ ಕಸ ಕಟ್ಟಿದೆ. ರಾಯರ ಪಶ್ಚಿಮದ ತುದಿ ಮೊದಲ ಮಳೆಯಲ್ಲೇ ಇದನ್ನು ಹೇಳಿತ್ತು.

ದೋಣಿಯ ಅಗಲದಲ್ಲಿ ಒಂದು ಸ್ವಾರಸ್ಯವಿದೆ. ನಾಲ್ಕಂಗುಲವನ್ನು ಎಂಟಂಗುಲ ಮಾಡಿದರೆ ಅದು ಸಾಗಿಸುವ ನೀರು ಇಮ್ಮಡಿಯಲ್ಲ, ಐದು ಮಡಿಗೂ ಹೆಚ್ಚು. ಆರಂಗುಲದ್ದು ಸೆಕೆಂಡಿಗೆ ಎರಡು ಲೀಟರಿಗೆ ತುಸು ಮಿಗಿಲಾಗಿ ಒಯ್ಯುತ್ತದೆ. ಆದರೆ ಅಗಲಕ್ಕಿಂತಲೂ ಅಗ್ಗದ ಉಪಾಯ ಕೊಳವೆಯ ಸ್ಥಳವನ್ನು ಬದಲಾಯಿಸುವುದು. ಕೊಳವೆ ತುದಿಯಲ್ಲಿದ್ದರೆ ಮೂರೂಕಾಲು ಲೀಟರೂ ಒಂದೇ ದಾರಿ ಹಿಡಿಯಬೇಕು. ನಡುವೆ ಇಟ್ಟರೆ ಎರಡು ಕಡೆಯಿಂದ ಅರ್ಧರ್ಧ. ಎರಡು ಕೊಳವೆಗಳನ್ನು ಎರಡು ತುದಿಗಳಿಂದಲೂ ಮೂರು ಮೂರು ಮೀಟರು ಒಳಕ್ಕೆ ತಂದರೆ ದೋಣಿಯ ಯಾವ ಭಾಗವೂ ಒಟ್ಟು ನೀರಿನ ಕಾಲು ಭಾಗಕ್ಕಿಂತ, ಎಂದರೆ ಸುಮಾರು 0.8 ಲೀಟರಿಗಿಂತ, ಹೆಚ್ಚು ಹೊರಬೇಕಾಗಿಲ್ಲ. ಮೂಲೆಯಲ್ಲಿ ಮುಚ್ಚಿಡಬೇಕಾದ ಕೊಳವೆ ಗೋಡೆಯ ನಡುವೆ ಕಾಣುವುದು ಅಂದವಲ್ಲವೆಂಬ ಆಕ್ಷೇಪವುಂಟು. ನೆನೆದ ಗೋಡೆಯೂ ಅಂದವೇನಲ್ಲ.

ಕೊಳವೆಯ ವಿಷಯದಲ್ಲಿ ಹಲವರಿಗೆ ತಿಳಿಯದ ಮಾತೊಂದಿದೆ. ಮೂರಂಗುಲದ ಕೊಳವೆ ನೆಟ್ಟಗೆ ಇಳಿಯುವಾಗ ಸೆಕೆಂಡಿಗೆ ಐದು ಲೀಟರಿನಷ್ಟನ್ನು ಸುಲಭವಾಗಿ ಇಳಿಸುತ್ತದೆ. ಆದರೆ ಆರಂಗುಲದ ದೋಣಿಯಲ್ಲಿ ಅದರ ಬಾಯಿಯ ಬಳಿ ನೀರಿನ ಆಳ ಒಂದೂವರೆ ಅಂಗುಲಕ್ಕಿಂತ ಕಡಮೆ. ಅಷ್ಟು ತೆಳುವಾದ ನೀರು ಕೆರೆಯ ಕೋಡಿಯಂತೆ ಅಂಚನ್ನು ಹಾಯ್ದು ಬೀಳುವುದರಿಂದ ಒಳಗೆ ಹೋಗುವುದು ಎರಡು ಲೀಟರು ಮಾತ್ರ. ಕೊರತೆ ಕೊಳವೆಯ ಹೊಟ್ಟೆಯಲ್ಲಿಲ್ಲ, ಬಾಯಿಯಲ್ಲಿದೆ. ಬಾಯಿಯನ್ನು ಲಾಳಿಕೆಯಂತೆ ಅಗಲಿಸಿದರೆ ಅದೇ ಕೊಳವೆ ಹೆಚ್ಚು ನುಂಗುತ್ತದೆ. ಬಾಯಿಗೆ ಚಪ್ಪಟೆ ಜಾಲರಿಯನ್ನು ಹಾಕಬಾರದು. ಹಲಸಿನ ಎರಡು ಎಲೆ ಸಾಕು, ಅದು ಮುಚ್ಚಿಹೋಗುತ್ತದೆ. ಬುಟ್ಟಿ ಮಗುಚಿದಂತೆ ಉಬ್ಬಿದ ತಂತಿಯ ಜಾಲರಿಯಾದರೆ ಬುಡದಲ್ಲಿ ಎಲೆ ನಿಂತರೂ ಮೇಲಿನಿಂದ ನೀರು ನುಸುಳುತ್ತದೆ.

ಕೊನೆಗೆ ರಾಯರು ಆರಂಗುಲದ ದೋಣಿಯನ್ನು ಕಟ್ಟಿಸಿ, ನಾಲ್ಕಂಗುಲದ ಎರಡು ಕೊಳವೆಗಳನ್ನು ಮೂರು ಮೂರು ಮೀಟರು ಒಳಗಿಟ್ಟರು. ಮೂರಂಗುಲದವೂ ಲೆಕ್ಕಕ್ಕೆ ಸಾಕಾಗುತ್ತಿದ್ದುವು. ಆದರೆ ಅವರ ಮನೆಯ ಹಿಂದೆ ಮರಗಳಿವೆ. ಇಳಿಜಾರನ್ನು ಮೀಟರಿಗೆ ಮೂರು ಮಿಲಿಮೀಟರಿಗೆ ಇಳಿಸಿದರು, ಆದುದರಿಂದ ದೋಣಿ ಉದ್ದಕ್ಕೂ ಹಂಚಿನ ಅಂಚಿಗೆ ಹತ್ತಿರವೇ ಉಳಿಯಿತು. ಹಂಚಿನ ತುದಿ ದೋಣಿಯ ಅಗಲದ ಮೂರನೆಯ ಒಂದು ಭಾಗದಷ್ಟು ಒಳಚಾಚಿದೆ. ದೋಣಿಯ ಹೊರ ಅಂಚು ಒಳ ಅಂಚಿಗಿಂತ ಅರ್ಧ ಅಂಗುಲ ತಗ್ಗು. ಇದು ಮಾತ್ರ ಆ ಕೆಲಸದವನ ಸ್ವಂತ ಬುದ್ಧಿ: ಲೆಕ್ಕವನ್ನು ಮೀರಿದ ಮಳೆ ಎಂದಾದರೂ ಬಂದೇ ಬರುತ್ತದೆ, ಆಗ ಉಕ್ಕಿದ ನೀರು ಗೋಡೆಗಲ್ಲ, ಅಂಗಳಕ್ಕೆ ಬೀಳಲಿ ಎಂದು.