ಸ್ಪಾಟ್ ನೋಡುವ ಆಪ್ಷನ್, ಫ್ಯೂಚರ್ಸ್ ನೋಡುವ ಆಪ್ಷನ್

2011ರ ಆರಂಭದವರೆಗೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ (ಎನ್‌ಎಸ್‌ಇ) ಎರಡು ಬಗೆಯ ಆಪ್ಷನ್‌ಗಳಿದ್ದವು. ನಿಫ್ಟಿಯ ಆಪ್ಷನ್ ಯುರೋಪಿಯನ್ ಶೈಲಿಯದು; ಅದನ್ನು ಎಕ್ಸ್‌ಪೈರಿಯ ದಿನ ಮಾತ್ರ ಚಲಾಯಿಸಬಹುದಿತ್ತು. ಬಿಡಿ ಷೇರುಗಳದ್ದು ಅಮೆರಿಕನ್ ಶೈಲಿ. ಕೊಂಡವರು ಎಕ್ಸ್‌ಪೈರಿಯೊಳಗೆ ಯಾವ ದಿನ ಬೇಕಾದರೂ ಚಲಾಯಿಸಬಹುದಿತ್ತು. ಸೆಬಿ 2010ರಲ್ಲಿ ಶೈಲಿಯ ಆಯ್ಕೆಯನ್ನು ವಿನಿಮಯ ಕೇಂದ್ರಗಳಿಗೇ ಬಿಟ್ಟಿತು, ಎನ್‌ಎಸ್‌ಇ ಎಲ್ಲವನ್ನೂ ಯುರೋಪಿಯನ್ ಮಾಡಿತು. ಪರದೆಯ ಮೇಲಿನ CA, PA ಹೋಗಿ CE, PE ಬಂದವು. ಕೊಂಡವರ ಹಕ್ಕೊಂದು ಕಡಿಮೆಯಾಯಿತು, ಆದ್ದರಿಂದ ಅವರಿಗೆ ನಷ್ಟವಾಯಿತು ಎಂಬುದು ಸುಲಭದ ತೀರ್ಮಾನ. ನನ್ನ ಪ್ರಕಾರ ನಿಜವಾಗಿ ಬದಲಾದದ್ದು ಆಪ್ಷನ್ ಯಾವ ಬೆಲೆಯನ್ನು ನೋಡಿ ನಡೆಯುತ್ತದೆ ಎಂಬುದು. ಅಮೆರಿಕನ್ ಆಪ್ಷನ್‌ಗೆ ಷೇರಿನ ಇವತ್ತಿನ ಸ್ಪಾಟ್ ಬೆಲೆಯ ಆಸರೆಯಿದೆ. ಯುರೋಪಿಯನ್ ಆಪ್ಷನ್‌ಗೆ ಎಕ್ಸ್‌ಪೈರಿಯ ದಿನದ ಬೆಲೆ, ಅಂದರೆ ಫ್ಯೂಚರ್ಸ್ ಬೆಲೆಯೇ ಅಳತೆಗೋಲು.

ಒಂದು ಲೆಕ್ಕ ಹಾಕೋಣ. ಷೇರಿನ ಬೆಲೆ 1,000 ರೂಪಾಯಿ. ನಮ್ಮಲ್ಲಿರುವುದು 800ರ ಕಾಲ್. ಎಕ್ಸ್‌ಪೈರಿಗೆ ಒಂದು ತಿಂಗಳಿದೆ. ಬಡ್ಡಿ ತಿಂಗಳಿಗೆ ಅರ್ಧ ಪರ್ಸೆಂಟ್. ನಾಳೆ 15 ರೂಪಾಯಿ ಡಿವಿಡೆಂಡ್ ಕಳೆದುಕೊಂಡು ಷೇರು ವಹಿವಾಟಿಗೆ ಬರುತ್ತದೆ. ಇಷ್ಟು ಸಣ್ಣ ಡಿವಿಡೆಂಡ್‌ಗೆ ವಿನಿಮಯ ಕೇಂದ್ರ ಸ್ಟ್ರೈಕ್ ಬೆಲೆಯನ್ನು ತಿದ್ದುವುದಿಲ್ಲ. ಅಮೆರಿಕನ್ ಕಾಲ್ ಇದ್ದವರು ಇಂದೇ ಚಲಾಯಿಸಿದರೆ 800ಕ್ಕೆ 1,000ದ ಷೇರು ಸಿಗುತ್ತದೆ, ಅಂದರೆ 200 ರೂಪಾಯಿ ಕೈಗೆ. ಹಾಗೆ ಮಾಡಿದಾಗ ಕಳೆದುಕೊಳ್ಳುವುದು 800ರ ಮೇಲಿನ ಒಂದು ತಿಂಗಳ ಬಡ್ಡಿ, ಸುಮಾರು 4 ರೂಪಾಯಿ. ಜೊತೆಗೆ ಷೇರು 800ಕ್ಕಿಂತ ಕೆಳಗೆ ಬಿದ್ದರೆ ಸಿಗುತ್ತಿದ್ದ ರಕ್ಷಣೆ, ಅದಕ್ಕೊಂದು ರೂಪಾಯಿ ಇಟ್ಟುಕೊಳ್ಳಿ. ಉಳಿಯುವುದು ಡಿವಿಡೆಂಡ್‌ನ 15. ಐದು ಬಿಟ್ಟು ಹದಿನೈದು ಪಡೆಯುವುದು ಲಾಭವೇ. ಯುರೋಪಿಯನ್ ಕಾಲ್‌ಗೆ ಈ ದಾರಿಯಿಲ್ಲ. ಅದರ ಅಳತೆಗೋಲಾದ ಫ್ಯೂಚರ್ಸ್ ಈಗ 1,005ರಲ್ಲಿ 15 ಕಳೆದು 990ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಕಾಲ್‌ನ ನ್ಯಾಯವಾದ ಬೆಲೆ ಸುಮಾರು 190. ಸ್ಪಾಟ್ ಪಕ್ಕದಲ್ಲಿಟ್ಟು ನೋಡುವ ಹೊಸಬರಿಗೆ 200ರ ಮಾಲು 190ಕ್ಕೆ ಸಿಗುತ್ತಿದೆ ಎನಿಸುತ್ತದೆ. ಕೊಂಡ ಮರುದಿನ ಷೇರು 985ಕ್ಕೆ ಇಳಿದಾಗ ಆ ಅಗ್ಗದ ಭ್ರಮೆಯೂ ಹೋಗುತ್ತದೆ.

ಇದಕ್ಕೆ ತಿಳಿದವರ ಆಕ್ಷೇಪವೊಂದಿದೆ. ಡಿವಿಡೆಂಡ್ ಇಲ್ಲದ ಷೇರಿನ ಕಾಲ್ ಅನ್ನು ಅವಧಿಗೆ ಮುನ್ನ ಚಲಾಯಿಸುವುದರಲ್ಲಿ ಅರ್ಥವಿಲ್ಲ, ಮಾರುವುದೇ ಮೇಲು ಎಂದು ರಾಬರ್ಟ್ ಮರ್ಟನ್ 1973ರಲ್ಲೇ ತೋರಿಸಿದ್ದರು. ಹಾಗಿದ್ದ ಮೇಲೆ ಶೈಲಿಗೆ ಇಷ್ಟು ಮಹತ್ವವೇಕೆ? ಕಾಲ್‌ಗೆ ಆ ಮಾತು ಸರಿ, ಪುಟ್‌ಗೆ ಅಲ್ಲ. 100ರ ಷೇರು 20ಕ್ಕೆ ಕುಸಿದಿದೆ, 100ರ ಪುಟ್‌ಗೆ ಇನ್ನೂ ಒಂದು ವರ್ಷವಿದೆ, ಬಡ್ಡಿ ಶೇ 7 ಎನ್ನಿ. ಅಮೆರಿಕನ್ ಪುಟ್ ಇವತ್ತೇ 80 ಕೊಡುತ್ತದೆ. ಯುರೋಪಿಯನ್ ಪುಟ್‌ನಲ್ಲಿ 100 ರೂಪಾಯಿ ಬರುವುದು ವರ್ಷದ ಮೇಲೆ, ಅದರ ಇಂದಿನ ಮೌಲ್ಯ 93.46, ಷೇರಿನ 20 ಕಳೆದರೆ ಸುಮಾರು 73.50. ಯಾವ ದಿನ ಚಲಾಯಿಸುವುದು ಒಳ್ಳೆಯದು ಎಂಬ ಈ ಪ್ರಶ್ನೆಯಿಂದಾಗಿಯೇ ಅಮೆರಿಕನ್ ಪುಟ್‌ಗೆ ಬ್ಲ್ಯಾಕ್-ಶೋಲ್ಸ್‌ನಂಥ ನೇರ ಸೂತ್ರ ಸಾಲದು. ಎಕ್ಸ್‌ಪೈರಿಯಿಂದ ಹಿಂದಕ್ಕೆ ಹೆಜ್ಜೆ ಹೆಜ್ಜೆಯಾಗಿ, ಪ್ರತಿ ಹಂತದಲ್ಲೂ ಕಾಯುವುದೋ ಚಲಾಯಿಸುವುದೋ ಎಂದು ಕೇಳುತ್ತಾ ಲೆಕ್ಕ ಹಾಕಬೇಕು. ಆದರೆ ನಮ್ಮ ಷೇರು ಆಪ್ಷನ್‌ಗಳ ಆಯುಷ್ಯ ಮೂರು ತಿಂಗಳೊಳಗೆ ಮುಗಿಯುವುದರಿಂದ ಇಲ್ಲಿ ಬಡ್ಡಿಯ ಅಂತರ ಅಷ್ಟು ದೊಡ್ಡದಾಗುವುದಿಲ್ಲ.

ಹಾಗಾದರೆ ಕೊಂಡವರಿಗೆ ನಷ್ಟವೇ ಆಗಲಿಲ್ಲವೇ? ಪ್ರೀಮಿಯಂ ಲೆಕ್ಕದಲ್ಲಿ ಇಲ್ಲ: ಹಕ್ಕು ಹೋದಷ್ಟೇ ಬೆಲೆಯೂ ಇಳಿಯುತ್ತದೆ. ನಷ್ಟ ಬೇರೆ ಕಡೆಯಿದೆ. ಆಳವಾಗಿ ಲಾಭದಲ್ಲಿರುವ ಸ್ಟ್ರೈಕ್‌ಗಳಲ್ಲಿ ಕೊಳ್ಳುವವರೇ ವಿರಳ. 190ರ ಕಾಲ್‌ಗೆ 180 ಕೊಡುತ್ತೇವೆ ಎನ್ನುವವರು ಸಿಕ್ಕರೆ ಪುಣ್ಯ. ಮೊದಲಾದರೆ ಇದನ್ನು ಒಲ್ಲೆನೆಂದು ಚಲಾಯಿಸಬಹುದಿತ್ತು. ಈಗ ಫ್ಯೂಚರ್ಸ್ ಮಾರಿ, ಅದಕ್ಕೆ ಮಾರ್ಜಿನ್ ಕಟ್ಟಿ, ಲಾಭವನ್ನು ಹಿಡಿದಿಟ್ಟುಕೊಳ್ಳಬೇಕು. ಎಕ್ಸ್‌ಪೈರಿವರೆಗೆ ಕಾಯುತ್ತೇನೆಂದರೆ, 2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಆಪ್ಷನ್‌ಗಳೂ ನಗದಿನ ಬದಲು ಷೇರಿನಲ್ಲೇ ಇತ್ಯರ್ಥವಾಗುತ್ತವೆ. ಇಡೀ ಲಾಟ್‌ನ ಹಣ ಹೊಂದಿಸಬೇಕು.

ಶೈಲಿಯ ಬದಲಾವಣೆಯ ಲಾಭ ಮಾರಿದವರಿಗೆ. 800ರ ಕಾಲ್ ಕೊಂಡು 900ರ ಕಾಲ್ ಮಾರಿ ಸ್ಪ್ರೆಡ್ ಕಟ್ಟಿದವರಿಗೆ ಅಮೆರಿಕನ್ ಶೈಲಿಯಲ್ಲಿ ಮಾರಿದ ಕಾಲು ಯಾವ ದಿನ ಮುರಿಯುತ್ತದೋ ತಿಳಿಯದು. ಡಿವಿಡೆಂಡ್‌ನ ಹಿಂದಿನ ದಿನ ಅದು ಚಲಾವಣೆಯಾಗಿ, ಕೊಂಡ ಕಾಲು ಮಾತ್ರ ಉಳಿದು, ಕಟ್ಟಿದ ಲೆಕ್ಕವೇ ಬದಲಾಗಬಹುದು. ಅಮೆರಿಕದಲ್ಲಿ ಈ ಎರಡೂ ಶೈಲಿಗಳು ಒಂದೇ ಸೂಚ್ಯಂಕದ ಮೇಲೆ ಅಕ್ಕಪಕ್ಕ ನಡೆಯುತ್ತವೆ: ಎಸ್ ಆ್ಯಂಡ್ ಪಿ 500ರ SPX ಆಪ್ಷನ್ ಯುರೋಪಿಯನ್, ನಗದು ಇತ್ಯರ್ಥ, ಅದೇ ಸೂಚ್ಯಂಕವನ್ನು ಹಿಂಬಾಲಿಸುವ SPY ನಿಧಿಯ ಆಪ್ಷನ್ ಅಮೆರಿಕನ್, ಷೇರು ಇತ್ಯರ್ಥ. SPY ಕಾಲ್ ಮಾರಿದವರು ಮೂರು ತಿಂಗಳಿಗೊಮ್ಮೆ ಬರುವ ಡಿವಿಡೆಂಡ್‌ಗೆ ಮುನ್ನ ಅದೇ ಸ್ಟ್ರೈಕ್‌ನ ಪುಟ್ ಬೆಲೆ ನೋಡುತ್ತಾರೆ. ಅದು, ಉಳಿದ ಬಡ್ಡಿಯನ್ನೂ ಸೇರಿಸಿ, ಡಿವಿಡೆಂಡ್‌ಗಿಂತ ಕಡಿಮೆಯಿದ್ದರೆ ಸಂಜೆಯೊಳಗೆ ಆ ಕಾಲ್ ಅನ್ನು ಮರಳಿ ಕೊಂಡು ಹೊರಬರುತ್ತಾರೆ.